ರಾತ್ರಿ ಹೆಡ್‌ಲೈಟ್ ಒಡೆದು ಕಾಣುತ್ತಿದೆಯೇ? ಕನ್ನಡಕದ ಎಆರ್ ಕೋಟಿಂಗ್ ದೋಷ ಹುಡುಕುವ ಬಗೆ

ಅಂಗಡಿಗೆ ಬಂದ ಗಿರಾಕಿಯೊಬ್ಬರು ಕನ್ನಡಕ ಬಿಚ್ಚಿ ಟೇಬಲ್ ಮೇಲಿಟ್ಟು ಹೇಳಿದ್ದು ಒಂದೇ ಮಾತು: "ಕೋಟಿಂಗ್ ಹೋಗಿದೆ, ಬೇರೆ ಹಾಕಿಕೊಡಿ."

ಕನ್ನಡಕ ಅಳವಡಿಸುವ ಕೆಲಸ ನನ್ನದು. ಈ ಮಾತನ್ನು ವಾರಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಅದರಲ್ಲಿ ಅರ್ಧದಷ್ಟು ಸಲ ಕೋಟಿಂಗ್ ಎಲ್ಲಿಗೂ ಹೋಗಿರುವುದಿಲ್ಲ. ಹಾಗಾಗಿ ಮೊದಲು ಕೇಳುವುದು, "ಏನು ಕಾಣ್ತಿದೆ, ಸ್ವಲ್ಪ ಬಿಡಿಸಿ ಹೇಳಿ" ಅಂತ.

ಇವರು ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತು, ರಾತ್ರಿ ಕಾರು ಓಡಿಸಿಕೊಂಡು ಮನೆಗೆ ಹೋಗುವವರು. ಅವರು ಹೇಳಿದ್ದು ಮೂರು ತೊಂದರೆ. ಒಂದು, ಎದುರು ಬರುವ ಹೆಡ್‌ಲೈಟಿನ ಸುತ್ತ ಮಂಜು ಕವಿದ ಹಾಗಾಗುತ್ತದೆ, ಅದರಿಂದ ಉದ್ದುದ್ದ ಬೆಳಕಿನ ಗೆರೆಗಳು ಹೊರಡುತ್ತವೆ. ಎರಡು, ನಿಜವಾದ ದೀಪದ ಪಕ್ಕದಲ್ಲಿ ಇನ್ನೊಂದು ಮಂಕು ದೀಪ ತೇಲುತ್ತದೆ. ಮೂರು, ಕಂಪ್ಯೂಟರ್ ಮುಂದೆ ಕೂತಾಗ ಬೆನ್ನ ಹಿಂದಿನ ಟ್ಯೂಬ್‌ಲೈಟ್ ಕನ್ನಡಕದ ಒಳಗೇ ಹೊಳೆಯುತ್ತದೆ. ಮೂರಕ್ಕೂ ಕಾರಣ ಒಂದೇ ಅಂದುಕೊಂಡಿದ್ದರು. ಹುಡುಕುತ್ತಾ ಹೋದರೆ ಕಾರಣಗಳು ಬೇರೆ ಬೇರೆ ಸಿಕ್ಕವು. ಒಂದಂತೂ ಕನ್ನಡಕದಲ್ಲೇ ಇರಲಿಲ್ಲ. ಅವರ ಕನ್ನಡಕವನ್ನೇ ಮುಂದಿಟ್ಟುಕೊಂಡು ಈ ಹುಡುಕಾಟವನ್ನು ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಇದನ್ನು ಮಾಡಬಹುದು. ಬೇಕಾಗುವುದು ಒಂದು ಟ್ಯೂಬ್‌ಲೈಟ್, ಮೊಬೈಲ್ ಟಾರ್ಚ್ ಮತ್ತು ನಲ್ಲಿ ನೀರು.

ಕೋಟಿಂಗ್ ಮಾಡುವ ಕೆಲಸ, ಮಾಡದ ಕೆಲಸ

ಕೋಟಿಂಗ್ ಇಲ್ಲದ ಬರೀ ಲೆನ್ಸಿನ ಮೇಲೆ ಬೆಳಕು ಬಿದ್ದಾಗ ಅದೆಲ್ಲವೂ ದಾಟಿ ಹೋಗುವುದಿಲ್ಲ. ಮಾಮೂಲಿ ಪ್ಲಾಸ್ಟಿಕ್ ಲೆನ್ಸಿನ ಒಂದೊಂದು ಮೈಯಿಂದ ಸುಮಾರು 4% ವಾಪಸ್ಸಾಗುತ್ತದೆ. ಎರಡು ಮೈ ಸೇರಿ 8%. ಪವರ್ ಜಾಸ್ತಿ ಇರುವವರು ಹಾಕುವ 1.67 ವಕ್ರೀಭವನ ಸೂಚ್ಯಂಕದ, ಅಂದರೆ ಬೆಳಕನ್ನು ಜಾಸ್ತಿ ಬಗ್ಗಿಸುವ ತೆಳು ಲೆನ್ಸಿನಲ್ಲಿ ಒಂದು ಮೈಗೆ 6%, ಒಟ್ಟು 12% ಆಗುತ್ತದೆ. ಅಂದರೆ ಸೂಚ್ಯಂಕ ಏರಿದಷ್ಟೂ ಲೆನ್ಸ್ ತೆಳುವಾಗುತ್ತದೆ, ಪ್ರತಿಫಲನವೂ ಜಾಸ್ತಿಯಾಗುತ್ತದೆ. ತೆಳು ಲೆನ್ಸ್ ತೆಗೆದುಕೊಂಡು ಕೋಟಿಂಗ್ ಬೇಡ ಅನ್ನುವವರನ್ನು ನಾನು ತಡೆದು ಕೂರಿಸುವುದು ಇದಕ್ಕೇ.

ಎಆರ್ ಕೋಟಿಂಗ್ ಅಂದರೆ ಪ್ರತಿಫಲನ ತಡೆಯುವ ಪದರ. ನಿಜಕ್ಕೂ ಅದು ಒಂದು ಪದರವಲ್ಲ, ಒಂದರ ಮೇಲೊಂದು ಕೂರಿಸಿದ ಕೆಲವು ಪದರಗಳು. ಸಿಲಿಕಾ, ಜಿರ್ಕೋನಿಯಾದಂಥ ವಸ್ತುಗಳನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಆವಿ ಮಾಡಿ ಲೆನ್ಸಿನ ಮೇಲೆ ಕೂರಿಸುತ್ತಾರೆ. ಪದರದ ಮೇಲ್ಮೈಯಿಂದ ವಾಪಸ್ಸಾಗುವ ಬೆಳಕಿನ ಅಲೆಯೂ ಅದರ ತಳದಿಂದ ವಾಪಸ್ಸಾಗುವ ಅಲೆಯೂ ಒಂದರ ಏರಿಗೆ ಇನ್ನೊಂದರ ಇಳಿತ ಸೇರುವ ಹಾಗೆ ದಪ್ಪವನ್ನು ಅಳೆದಿರುತ್ತಾರೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗೆ ಅಳಿದ ಬೆಳಕು ಕಳೆದುಹೋಗುವುದಿಲ್ಲ, ಲೆನ್ಸ್ ದಾಟಿ ಕಣ್ಣಿಗೆ ಬರುತ್ತದೆ. ಒಳ್ಳೆಯ ಕೋಟಿಂಗ್ ಇದ್ದರೆ 99% ಬೆಳಕು ದಾಟುತ್ತದೆ. ಈ ಎಲ್ಲ ಪದರ ಸೇರಿದರೂ ದಪ್ಪ ಅರ್ಧ ಮೈಕ್ರಾನ್ ಆಗುವುದೂ ಕಷ್ಟ. ತಲೆಕೂದಲಿನ ದಪ್ಪದಲ್ಲಿ ಇನ್ನೂರರಲ್ಲಿ ಒಂದು ಪಾಲು ಅಂದುಕೊಳ್ಳಿ.

1938ರಲ್ಲಿ ಕ್ಯಾಥರೀನ್ ಬ್ಲಾಜೆಟ್ ಅನ್ನುವ ವಿಜ್ಞಾನಿ ಸಾಬೂನಿಗೆ ಹತ್ತಿರದ ಒಂದು ವಸ್ತುವಿನ 44 ಪದರಗಳನ್ನು ಗಾಜಿನ ಮೇಲೆ ಕೂರಿಸಿ, ಹೊಳಪೇ ಇಲ್ಲದ ಗಾಜು ಮಾಡಿ ತೋರಿಸಿದರು. ಆದರೆ ಆ ಪದರ ಬೆರಳಿನಿಂದ ಉಜ್ಜಿದರೂ ಎದ್ದುಬರುವಷ್ಟು ಮೆತ್ತಗಿತ್ತು. ಇವತ್ತಿನ ಕೋಟಿಂಗ್ ಅದಕ್ಕಿಂತ ಎಷ್ಟೋ ಗಟ್ಟಿ. ಆದರೂ ತೆಳುವು ತೆಳುವೇ. ಅದನ್ನು ತೊಳೆಯುವಾಗ ಈ ದಪ್ಪ ನೆನಪಿನಲ್ಲಿರಲಿ.

ಈಗ ಆ ತೇಲುವ ಮಂಕು ದೀಪಕ್ಕೆ ಬರೋಣ. ಹೆಡ್‌ಲೈಟಿನ ಬೆಳಕು ಲೆನ್ಸಿನೊಳಗೆ ಬರುತ್ತದೆ. ಹಿಂದಿನ ಮೈಗೆ ತಗುಲಿ 4% ಮುಂದಕ್ಕೆ ತಿರುಗುತ್ತದೆ. ಅದರಲ್ಲಿ ಮತ್ತೆ 4% ಮುಂದಿನ ಮೈಗೆ ತಗುಲಿ ಕಣ್ಣಿನ ಕಡೆ ಬರುತ್ತದೆ. ಲೆಕ್ಕ ಹಾಕಿದರೆ ಮೂಲ ಬೆಳಕಿನ 0.16%. ಹಗಲಲ್ಲಿ ಇಷ್ಟು ಬೆಳಕು ಗಮನಕ್ಕೂ ಬರುವುದಿಲ್ಲ. ಆದರೆ ಕತ್ತಲ ರಸ್ತೆಯಲ್ಲಿ ಹೆಡ್‌ಲೈಟ್ ಎಷ್ಟು ಪ್ರಖರ ಅಂದರೆ ಅದರ 0.16% ಕೂಡ ಪ್ರತ್ಯೇಕ ದೀಪವಾಗಿ ಕಾಣುತ್ತದೆ. ಕೋಟಿಂಗ್ ಇದ್ದು ಒಂದೊಂದು ಮೈಯ ಪ್ರತಿಫಲನ 0.5%ಗೆ ಇಳಿದರೆ ಈ ನೆರಳು ದೀಪ 0.0025%ಗೆ ಬೀಳುತ್ತದೆ. ಅರವತ್ತು ಪಟ್ಟಿಗಿಂತ ಜಾಸ್ತಿ ಇಳಿತ ಅದು. ರಾತ್ರಿ ಗಾಡಿ ಓಡಿಸುವವರಿಗೆ ಕೋಟಿಂಗಿನಿಂದ ಸಿಗುವ ದೊಡ್ಡ ಲಾಭ ಇದೇ. ಹಿಂದಿನ ಗಾಡಿಯ ದೀಪ ಪಕ್ಕದಿಂದ ನುಗ್ಗಿ ಲೆನ್ಸಿನ ಒಳಮೈಗೆ ಬಡಿದು ಕಣ್ಣಿಗೆ ಹೊಡೆಯುವುದೂ ಇದರಿಂದಲೇ ಕಡಿಮೆಯಾಗುತ್ತದೆ.

ಆದರೆ ಎದುರಿನ ಹೆಡ್‌ಲೈಟಿನ ನೇರ ಬೆಳಕನ್ನು ಕೋಟಿಂಗ್ ಕಡಿಮೆ ಮಾಡುವುದಿಲ್ಲ. 92% ಬರುತ್ತಿದ್ದಲ್ಲಿ 99% ಬರುವುದರಿಂದ ಆ ದೀಪ ಕೂದಲೆಳೆಯಷ್ಟು ಜಾಸ್ತಿಯೇ ಆಗುತ್ತದೆ. "ಹೈಬೀಮ್ ಹಾಕಿಕೊಂಡು ಬಂದರೆ ಕಣ್ಣು ಕೋರೈಸುತ್ತೆ, ಕೋಟಿಂಗ್ ಸರಿಯಿಲ್ಲ" ಅಂದರೆ ಅದು ಕೋಟಿಂಗಿನ ತಪ್ಪಲ್ಲ. ಇದಕ್ಕೆ ಪರಿಹಾರ ಅಂತ ಹಳದಿ ಬಣ್ಣದ "ನೈಟ್ ಡ್ರೈವಿಂಗ್" ಕನ್ನಡಕ ಹಾಕಿಕೊಂಡರೆ ಒಟ್ಟು ಬೆಳಕು ಇನ್ನಷ್ಟು ಕಡಿಮೆಯಾಗಿ, ಕತ್ತಲಲ್ಲಿ ರಸ್ತೆ ದಾಟುವವರು ಕಾಣುವುದೇ ಕಷ್ಟವಾಗಬಹುದು. ದಯವಿಟ್ಟು ಅದನ್ನು ಹಾಕಿಕೊಂಡು ಗಾಡಿ ಓಡಿಸಬೇಡಿ.

ಮೊದಲು ತೊಳೆಯಿರಿ, ಆಮೇಲೆ ಪರೀಕ್ಷೆ

ಕೊಳೆ ಇರುವ ಲೆನ್ಸನ್ನು ನೋಡಿ ಯಾರೂ ಏನೂ ಹೇಳಲಾಗದು. ಜಿಡ್ಡು ಬಿರುಕಿನ ಹಾಗೆ ಕಾಣುತ್ತದೆ, ಒಣಗಿದ ನೀರಿನ ಕಲೆ ಕೋಟಿಂಗ್ ಎದ್ದ ಹಾಗೆ ಕಾಣುತ್ತದೆ.

ಕೋಟಿಂಗ್ ಇರುವ ಲೆನ್ಸ್ "ಬೇಗ ಕೊಳೆಯಾಗುತ್ತೆ" ಅಂತ ಎಷ್ಟೋ ಜನ ದೂರುತ್ತಾರೆ. ಕೊಳೆ ಕೂರುವುದು ಎರಡರ ಮೇಲೂ ಅಷ್ಟೇ. ಕೋಟಿಂಗ್ ಮೇಲೆ ಬೆರಳಿನ ಎಣ್ಣೆ ಕೂತರೆ ಆ ಜಾಗದಲ್ಲಿ ಅಲೆಗಳ ಲೆಕ್ಕ ತಪ್ಪುತ್ತದೆ. ಪ್ರತಿಫಲನ ಮತ್ತೆ 4%ರ ಹತ್ತಿರ ಏರುತ್ತದೆ. ಸುತ್ತಲೂ 0.5% ಇದ್ದು ನಡುವೆ 4% ಇದ್ದರೆ ಆ ಬೆರಳಚ್ಚು ಏಳೆಂಟು ಪಟ್ಟು ಹೊಳೆಯುತ್ತದೆ. ಬರೀ ಲೆನ್ಸಿನಲ್ಲಿ ಸುತ್ತಲೂ 4% ಇರುವುದರಿಂದ ಅದೇ ಬೆರಳಚ್ಚು ಅಡಗಿ ಕೂರುತ್ತದೆ.

ತೊಳೆಯುವುದು ಹೀಗೆ. ಮೊದಲು ನಿಮ್ಮ ಕೈ ತೊಳೆದುಕೊಳ್ಳಿ. ಕೈಯಲ್ಲಿ ಎಣ್ಣೆ, ಕ್ರೀಮ್ ಇದ್ದರೆ ಅದೇ ಲೆನ್ಸಿಗೆ ಹೋಗುತ್ತದೆ. ನಲ್ಲಿಯ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರನ್ನು ಎರಡೂ ಕಡೆ ಹತ್ತು ಸೆಕೆಂಡ್ ಹರಿಸಿ. ಬಿಸಿನೀರು ಬೇಡವೇ ಬೇಡ, ಯಾಕೆಂದು ಮುಂದೆ ಹೇಳುತ್ತೇನೆ. ನೀರು ಹರಿಸುವುದು ಧೂಳಿನ ಕಣಗಳನ್ನು ಕೊಚ್ಚಿಕೊಂಡು ಹೋಗಲಿ ಅಂತ. ಈ ಹಂತ ಬಿಟ್ಟು ನೇರ ಉಜ್ಜಿದರೆ ಆ ಕಣಗಳೇ ಉಪ್ಪುಕಾಗದದ ಕೆಲಸ ಮಾಡುತ್ತವೆ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಕೈ ಮೃದುವಾಗಲಿ ಅಂತ ಲೋಷನ್ ಬೆರೆಸಿದ್ದು ಬೇಡ, ಅದು ಪದರವಾಗಿ ಉಳಿಯುತ್ತದೆ. ಸೋಪಿನ ಬಿಲ್ಲೆಯೂ ಹಾಗೆಯೇ, ಬಿಳಿ ಪದರ ಬಿಡುತ್ತದೆ. ಬೆರಳ ತುದಿಯಿಂದ ಎರಡೂ ಮೈಯನ್ನು ಮೆತ್ತಗೆ ಉಜ್ಜಿ. ಫ್ರೇಮಿಗೆ ಲೆನ್ಸ್ ಸೇರುವ ಸಂದು, ಮೂಗಿನ ಮೇಲೆ ಕೂರುವ ಪ್ಯಾಡ್, ಕಿವಿಗೆ ಸಿಕ್ಕಿಸುವ ಕಡ್ಡಿ ಇವನ್ನೂ ಉಜ್ಜಿ. ಜಿಡ್ಡಿನ ಗೋದಾಮು ಇರುವುದೇ ಅಲ್ಲಿ. ಲೆನ್ಸ್ ಮಾತ್ರ ತೊಳೆದು ಬಿಟ್ಟರೆ ಒರೆಸುವಾಗ ಆ ಸಂದಿನ ಜಿಡ್ಡು ಮತ್ತೆ ಲೆನ್ಸಿನ ಮೇಲೆ ಹರಡುತ್ತದೆ. ಚೆನ್ನಾಗಿ ನೀರು ಹರಿಸಿ, ಒಂದೆರಡು ಸಲ ಕೊಡವಿ, ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿ. ತಾನಾಗೇ ಒಣಗಲು ಬಿಡಬೇಡಿ. ಗಡುಸು ನೀರು ಒಣಗಿದರೆ ಸುಣ್ಣದ ಚುಕ್ಕಿ ಉಳಿಯುತ್ತದೆ.

ನೀರು ಹರಿಸುವಾಗಲೇ ಒಂದು ಪರೀಕ್ಷೆ ಮಾಡಿಬಿಡಬಹುದು. ಕೋಟಿಂಗಿನ ಎಲ್ಲಕ್ಕಿಂತ ಮೇಲೆ ನೀರು, ಜಿಡ್ಡು ಅಂಟದ ಒಂದು ಅತಿ ತೆಳು ಪದರ ಇರುತ್ತದೆ. ಅದು ಚೆನ್ನಾಗಿದ್ದರೆ ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತು ಉರುಳಿಹೋಗುತ್ತದೆ. ಸವೆದಿದ್ದರೆ ನೀರು ಹಾಳೆಯ ಹಾಗೆ ಹರಡಿ ಅಂಟಿಕೊಳ್ಳುತ್ತದೆ. ಆಗ ಲೆನ್ಸ್ ಬೇಗ ಮಸುಕಾಗುತ್ತದೆ, ಒರೆಸಿದರೂ ಪಟ್ಟೆ ಬೀಳುತ್ತದೆ. ಆದರೆ ಕೆಳಗಿನ ಎಆರ್ ಪದರ ಇನ್ನೂ ಸರಿಯಾಗಿಯೇ ಇರಬಹುದು. ಈ ಒಂದು ಕಾರಣಕ್ಕೆ ಲೆನ್ಸ್ ಬದಲಿಸಬೇಕಾಗಿಲ್ಲ, ಇನ್ನಷ್ಟು ಸಲ ತೊಳೆಯಬೇಕಾಗುತ್ತದೆ ಅಷ್ಟೆ.

ಈ ಗಿರಾಕಿಯ ಕನ್ನಡಕ ತೊಳೆದ ಮೇಲೆ ಹಾಕಿ ನೋಡಲು ಕೊಟ್ಟೆ. ಮಂಜು ಅರ್ಧಕ್ಕರ್ಧ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ.

ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಏನು ಹೇಳುತ್ತದೆ

ಟ್ಯೂಬ್‌ಲೈಟಿನ ಕೆಳಗೆ ನಿಂತು, ಕನ್ನಡಕವನ್ನು ಸೊಂಟದ ಎತ್ತರದಲ್ಲಿ ಹಿಡಿದು, ಲೈಟಿನ ಬಿಂಬ ಲೆನ್ಸಿನಲ್ಲಿ ಬೀಳುವ ಹಾಗೆ ವಾಲಿಸಿ. ಹಿಂದೆ ಕಪ್ಪು ಬಟ್ಟೆ ಇದ್ದರೆ ಒಳ್ಳೆಯದು. ಒಂದೊಂದು ಲೆನ್ಸಿನಲ್ಲಿ ಎರಡು ಬಿಂಬ ಸಿಗುತ್ತವೆ. ಒಂದು ಮುಂದಿನ ಮೈಯದು, ಇನ್ನೊಂದು ಹಿಂದಿನ ಮೈಯದು. ಒಂದು ದೊಡ್ಡದು, ಒಂದು ಚಿಕ್ಕದು ಇರುತ್ತದೆ. ಕನ್ನಡಕವನ್ನು ಮೆಲ್ಲಗೆ ಅಲ್ಲಾಡಿಸಿದರೆ ಎರಡೂ ಬೇರೆ ಬೇರೆ ಜಾರುವುದು ಕಾಣುತ್ತದೆ.

ಕೋಟಿಂಗ್ ಇರುವ ಮೈಯ ಬಿಂಬ ಮಂಕಾಗಿ, ಬಣ್ಣ ಬಣ್ಣವಾಗಿ ಇರುತ್ತದೆ. ಸಾಮಾನ್ಯವಾಗಿ ಹಸಿರು, ಕೆಲವದರಲ್ಲಿ ನೀಲಿ ಅಥವಾ ನೇರಳೆ. ಎಲ್ಲ ಬಣ್ಣದ ಅಲೆಗಳನ್ನೂ ಒಂದೇ ಸಮ ಅಳಿಸಲು ಆಗದೆ ಉಳಿದ ಚೂರು ಬಣ್ಣ ಅದು, ದೋಷವಲ್ಲ. ಕೋಟಿಂಗ್ ಇಲ್ಲದ ಮೈಯ ಬಿಂಬ ಟ್ಯೂಬ್‌ಲೈಟಿನ ಹಾಗೇ ಬೆಳ್ಳಗೆ, ಜೋರಾಗಿ ಇರುತ್ತದೆ. ಒಂದು ಬಿಂಬ ಹಸಿರು, ಇನ್ನೊಂದು ಬಿಳಿ ಅಂದರೆ ಒಂದೇ ಮೈಗೆ ಕೋಟಿಂಗ್ ಇದೆ ಅಂತ ಅರ್ಥ.

ಅವರ ಎಡ ಲೆನ್ಸಿನಲ್ಲಿ ಎರಡೂ ಬಿಂಬ ಹಸಿರು. ಬಲ ಲೆನ್ಸಿನಲ್ಲಿ ಎರಡೂ ಅಚ್ಚ ಬಿಳಿ. ಸವೆದು ಹೋಗಿದ್ದರೆ ಅಲ್ಲಲ್ಲಿ ಹಸಿರು ಉಳಿದು ತೇಪೆ ತೇಪೆಯಾಗಿರಬೇಕಿತ್ತು. ಇಲ್ಲಿ ಹಸಿರು ಒಂದು ಚೂರೂ ಇರಲಿಲ್ಲ.

"ಈ ಬಲಗಡೆ ಲೆನ್ಸ್ ಯಾವಾಗಲಾದ್ರೂ ಬದಲಾಯಿಸಿದ್ರಾ?" ಅಂತ ಕೇಳಿದೆ.

"ಹೌದು, ಕೆಳಗೆ ಬಿದ್ದು ಒಡೆದಿತ್ತು. ಬೇರೆ ಕಡೆ ಹಾಕಿಸಿದೆ. ಕೋಟಿಂಗ್ ಇರೋದೇ ಹಾಕಿ ಅಂತ ಹೇಳಿದ್ದೆನಲ್ಲ!"

ಅವರ ಹತ್ತಿರ ಬಿಲ್ಲು ಇತ್ತು. ಅದರಲ್ಲಿ ಬರೆದಿದ್ದು ಗೀರು ತಡೆಯುವ ಕೋಟಿಂಗ್, ಅಂದರೆ ಹಾರ್ಡ್ ಕೋಟ್. ಪ್ಲಾಸ್ಟಿಕ್ ಲೆನ್ಸಿಗೆ ಗೀರು ಬೇಗ ಬೀಳದಿರಲಿ ಅಂತ ಹಾಕುವ ಪದರ ಅದು. ಪ್ರತಿಫಲನಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವರು "ಕೋಟಿಂಗ್" ಅಂದರು, ಅಲ್ಲಿಯವರು ಒಂದು ಕೋಟಿಂಗ್ ಕೊಟ್ಟರು. ಬರೀ ಕೋಟಿಂಗ್ ಅಂತ ಕೇಳಬೇಡಿ, ಎರಡೂ ಮೈಗೆ ಎಆರ್ ಅಂತ ಬಿಡಿಸಿ ಕೇಳಿ. ಕೈಗೆ ಬಂದಾಗ ಅಲ್ಲೇ ನಿಂತು ಎರಡು ಬಿಂಬ ನೋಡಿ.

ತೇಲುವ ಮಂಕು ದೀಪಕ್ಕೂ ಟ್ಯೂಬ್‌ಲೈಟ್ ಹೊಳೆಯುವುದಕ್ಕೂ ಕಾರಣ ಇಲ್ಲೇ ಸಿಕ್ಕ ಹಾಗಿತ್ತು. ಆದರೆ ಎಡ ಲೆನ್ಸ್ ಹಸಿರಾಗಿದ್ದರೂ ಆ ಕಣ್ಣಲ್ಲೂ ಮಂಜು ಇದೆ ಅನ್ನುತ್ತಿದ್ದರು.

ಬಿರುಕಿನ ಬಲೆ

ಇದಕ್ಕೆ ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಲೆನ್ಸಿನ ಪಕ್ಕದಿಂದ, ಓರೆಯಾಗಿ ಬಿಡಿ. ಹಿಂದೆ ಕಪ್ಪು ಇರಲಿ. ಟಾರ್ಚಿನ ನೇರಕ್ಕೆ ಕಣ್ಣಿಡಬೇಡಿ. ಲೆನ್ಸಿನ ಮೈಮೇಲೆ ಏನು ಹೊಳೆಯುತ್ತದೆ ನೋಡಿ.

ಎಡ ಲೆನ್ಸಿನಲ್ಲಿ ಕಂಡದ್ದು ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕುಗಳ ಬಲೆ. ಅಂಚಿನ ಕಡೆ ದಟ್ಟ, ನಡುವೆ ಸ್ವಲ್ಪ ತೆಳು. ಮಾಮೂಲಿ ಬೆಳಕಿನಲ್ಲಿ ಅದರ ಗುರುತೇ ಸಿಗುತ್ತಿರಲಿಲ್ಲ. ಬೆರಳಾಡಿಸಿದರೆ ಕೈಗೂ ತಗಲುವುದಿಲ್ಲ. ಹೆಡ್‌ಲೈಟಿನ ಬೆಳಕು ಈ ಒಂದೊಂದು ಬಿರುಕಿಗೂ ತಗುಲಿ ಚದುರುತ್ತದೆ, ಅದೇ ಮಂಜಾಗಿ ಕಾಣುತ್ತದೆ.

ಇದು ಬಿಸಿಯ ಕೆಲಸ. ಬಿಸಿಯಾದಾಗ ಪ್ಲಾಸ್ಟಿಕ್ ಲೆನ್ಸ್ ಹಿಗ್ಗುತ್ತದೆ. ಮೇಲಿನ ಸಿಲಿಕಾ ಪದರಗಳು ಗಾಜಿನ ಜಾತಿಯವು, ಅವು ಹತ್ತಾರು ಪಟ್ಟು ಕಡಿಮೆ ಹಿಗ್ಗುತ್ತವೆ. ಕೆಳಗಿನದು ಎಳೆಯುತ್ತದೆ, ಮೇಲಿನದು ಬಗ್ಗುವುದಿಲ್ಲ, ಸೀಳುತ್ತದೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಬಲ್ಲದು. ಒಂದು ಮಧ್ಯಾಹ್ನ ಸಾಕು. ಬಿಸಿನೀರು, ಹೇರ್ ಡ್ರೈಯರ್, ಒಲೆಯ ಹಬೆ, ಸೌನಾ ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಫ್ರೇಮನ್ನು ಬಿಸಿ ಮಾಡಿ ಬಗ್ಗಿಸುವಾಗ ಲೆನ್ಸ್ ತೆಗೆಯದಿದ್ದರೂ ಹೀಗಾಗಬಹುದು. ಅದು ನಮ್ಮಂಥವರ ಕೈಯಲ್ಲಿ ಆಗುವ ತಪ್ಪು. ಬಿರುಕು ಬಲೆಯಂತೆ ಹರಡಿರದೆ ಒಂದೇ ಅಂಚಿನಿಂದ ಶುರುವಾಗಿದ್ದರೆ ಫ್ರೇಮ್ ಬಿಗಿಯಾಗಿ ಲೆನ್ಸನ್ನು ಹಿಂಡುತ್ತಿದೆಯೇ ಅಂತಲೂ ನೋಡಬೇಕು.

ಹೋದ ಬೇಸಿಗೆಯಲ್ಲಿ ಕನ್ನಡಕವನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗುವ ರೂಢಿ ಇತ್ತು ಅಂತ ಅವರೇ ಒಪ್ಪಿಕೊಂಡರು. ಹಾಗಿದ್ದರೆ ಬಲ ಲೆನ್ಸ್ ಯಾಕೆ ಸೀಳಲಿಲ್ಲ? ಅದು ಬಂದಿದ್ದು ಬೇಸಿಗೆ ಮುಗಿದ ಮೇಲೆ. ಅದೂ ಅಲ್ಲದೆ ಅದರ ಮೇಲೆ ಸೀಳಲು ಎಆರ್ ಪದರವೇ ಇರಲಿಲ್ಲ.

ಟಾರ್ಚಿನಲ್ಲಿ ಕಾಣುವ ಬೇರೆ ಗುರುತುಗಳನ್ನೂ ಹೇಳಿಬಿಡುತ್ತೇನೆ. ನೇರ ಅಥವಾ ಬಿಲ್ಲಿನಂಥ ಗೆರೆ, ಹೆಚ್ಚಾಗಿ ಒಂದೇ ದಿಕ್ಕಿಗೆ ಇದ್ದರೆ ಅದು ಗೀರು, ಒಣ ಬಟ್ಟೆಯಲ್ಲಿ ಉಜ್ಜಿದ ಫಲ. ಅಂಚಿನ ಹತ್ತಿರ ಅಥವಾ ನಡುವೆ ನಕ್ಷೆಯ ಹಾಗೆ ಅಂಕುಡೊಂಕು ಗಡಿ ಇರುವ ತೇಪೆ, ಅದರೊಳಗೆ ಬಿಳಿ ಹೊಳಪು, ಹೊರಗೆ ಹಸಿರು ಇದ್ದರೆ ಅಲ್ಲಿ ಕೋಟಿಂಗ್ ಚಕ್ಕೆ ಎದ್ದಿದೆ. ಕೊಂಡು ಸ್ವಲ್ಪ ದಿನದಲ್ಲೇ, ಬಿಸಿಗೂ ಸಿಗದೆ ಚಕ್ಕೆ ಎದ್ದರೆ ಅದು ತಯಾರಿಕೆಯಲ್ಲೇ ಆದ ದೋಷ ಇರಬಹುದು. ಕೊಟ್ಟವರ ಹತ್ತಿರ ಧೈರ್ಯವಾಗಿ ಕೇಳಿ.

ಗೀರಾಗಲಿ ಬಿರುಕಾಗಲಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೋಗುತ್ತದೆ ಅನ್ನುವ ಮಾತು ನಂಬಬೇಡಿ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜುವ ಗಟ್ಟಿ ಕಣಗಳಿವೆ. ಅರ್ಧ ಮೈಕ್ರಾನಿನ ಪದರದ ಮೇಲೆ ಅವುಗಳನ್ನು ತಿಕ್ಕಿದರೆ ಒಂದು ಗೀರಿನ ಜಾಗದಲ್ಲಿ ಸಾವಿರ ಗೀರು ಬೀಳುತ್ತವೆ. ಹಾಳಾದ ಕೋಟಿಂಗನ್ನು ತೆಗೆದು ಅದೇ ಲೆನ್ಸಿಗೆ ಹೊಸದು ಹಾಕಿಸುವುದೂ ವ್ಯವಹಾರದಲ್ಲಿ ಆಗದ ಮಾತು. ಲೆನ್ಸನ್ನೇ ಬದಲಿಸಬೇಕು.

ಕಾರಿನಲ್ಲಿ ಕೂತು ಮಾಡುವ ಪರೀಕ್ಷೆ

ಇಷ್ಟಾದರೂ ಅವರ ಮೊದಲ ದೂರಿನ ಒಂದು ತುಣುಕು ಉಳಿದಿತ್ತು. ಆ ಉದ್ದ ಬೆಳಕಿನ ಗೆರೆಗಳು. ಬಿರುಕಿನ ಬಲೆಯಿಂದ ಮಂಜು ಬರುತ್ತದೆ, ಒಂದೇ ದಿಕ್ಕಿನ ಗೆರೆ ಬರುವುದು ಕಡಿಮೆ. ರಾತ್ರಿ ಮನೆ ಮುಂದೆ ಕಾರು ನಿಲ್ಲಿಸಿ, ದೂರದ ಬೀದಿದೀಪ ನೋಡಿ ಈ ಪರೀಕ್ಷೆ ಮಾಡಿ ಅಂತ ಹೇಳಿ ಕಳಿಸಿದೆ. ಓಡಿಸುತ್ತಾ ಮಾಡುವುದಲ್ಲ, ನಿಂತ ಕಾರಿನಲ್ಲಿ ಮಾತ್ರ.

ಕನ್ನಡಕ ಹಾಕಿಕೊಂಡು ಮೊದಲು ಮುಂದಿನ ಗಾಜಿನ ಮೂಲಕ ದೀಪ ನೋಡಬೇಕು. ಆಮೇಲೆ ಪಕ್ಕದ ಕಿಟಕಿ ಇಳಿಸಿ, ಗಾಜಿಲ್ಲದೆ ಅಂಥದೇ ಒಂದು ದೀಪ ನೋಡಬೇಕು. ಕಿಟಕಿ ಇಳಿಸಿದಾಗ ಗೆರೆ ಮಾಯವಾದರೆ ತಪ್ಪು ಕಾರಿನ ಗಾಜಿನದು. ಉಳಿದರೆ ಕನ್ನಡಕದ್ದು ಇಲ್ಲವೇ ಕಣ್ಣಿನದು. ಆಗ ಕನ್ನಡಕವನ್ನು ಕೈಯಲ್ಲಿ ಹಿಡಿದು ಕಣ್ಣ ಮುಂದೆ ಮೇಲೆ ಕೆಳಗೆ ಸ್ವಲ್ಪ ಜರುಗಿಸಿ. ಲೆನ್ಸಿನ ಕಲೆಯೋ ಗೀರೋ ಆಗಿದ್ದರೆ ಗೆರೆಯ ಆಕಾರ ಬದಲಾಗುತ್ತಾ ಹೋಗುತ್ತದೆ. ಕಣ್ಣಿನದಾದರೆ ಅದು ಹಾಗೇ ನಿಲ್ಲುತ್ತದೆ.

ತೇಲುವ ದೀಪ ಪತ್ತೆ ಮಾಡುವುದು ಇನ್ನೂ ಸುಲಭ. ಒಂದೊಂದೇ ಕಣ್ಣು ಮುಚ್ಚಿ, ದೀಪದ ಮೇಲೆ ದೃಷ್ಟಿ ಇಟ್ಟುಕೊಂಡೇ ತಲೆಯನ್ನು ಮೆಲ್ಲಗೆ ತಿರುಗಿಸಿ. ಮಂಕು ದೀಪ ನಿಜವಾದ ದೀಪದಿಂದ ದೂರ ಜಾರಿದರೆ ಅದು ಲೆನ್ಸಿನೊಳಗಿನ ಪ್ರತಿಫಲನ. ಪಕ್ಕದಲ್ಲಿ ಬರುವ ಹೊಳಪಾದರೆ ಕಣ್ಣಿನ ಪಕ್ಕ, ಕನ್ನಡಕದ ಕಡ್ಡಿಯ ಹತ್ತಿರ ಅಂಗೈ ಅಡ್ಡ ಹಿಡಿಯಿರಿ. ಹೊಳಪು ಆರಿದರೆ ಅದು ಹಿಂದಿನಿಂದ ಬಂದು ಲೆನ್ಸಿನ ಒಳಮೈಗೆ ಬಡಿದ ಬೆಳಕು.

ಮರುದಿನ ಬಂದು ಹೇಳಿದರು: ಕಿಟಕಿ ಇಳಿಸಿದರೆ ಗೆರೆ ಇಲ್ಲವೇ ಇಲ್ಲ. ಅಂದರೆ ಮುಂದಿನ ಗಾಜಿನ ಒಳಮೈಯಲ್ಲಿ ಜಿಡ್ಡಿನ ಪೊರೆ. ಕಾರಿನೊಳಗಿನ ಪ್ಲಾಸ್ಟಿಕ್ ಬಿಸಿಯಾದಾಗ ಬಿಡುವ ಆವಿ ಅಲ್ಲಿ ಕೂರುತ್ತದೆ. ಮೇಲೆ ಕೈಯಿಂದ ಒರೆಸಿದ ಗುರುತು. ಜಿಡ್ಡನ್ನು ಯಾವ ದಿಕ್ಕಿಗೆ ಒರೆಸಿರುತ್ತೇವೋ ಅದಕ್ಕೆ ಅಡ್ಡವಾಗಿ ಬೆಳಕಿನ ಗೆರೆ ಎಳೆಯುತ್ತದೆ. ಅಡ್ಡಡ್ಡ ಒರೆಸಿದ್ದರೆ ಗೆರೆ ಮೇಲಿಂದ ಕೆಳಗೆ. ಕನ್ನಡಕದಲ್ಲೂ ಇದೇ ಲೆಕ್ಕ. ಗಾಜಿನ ಒಳಮೈ ತೊಳೆದ ಮೇಲೆ ಅವರ ಗೆರೆ ಹೋಯಿತು. ಎಂಥ ದುಬಾರಿ ಲೆನ್ಸ್ ಹಾಕಿದರೂ ಅದು ಹೋಗುತ್ತಿರಲಿಲ್ಲ.

ಕಿಟಕಿ ಇಳಿಸಿ, ಶುಭ್ರ ಕನ್ನಡಕ ಹಾಕಿದರೂ ದೀಪದ ಸುತ್ತ ಮಂಜು, ಉಂಗುರ ಉಳಿದರೆ ಕಣ್ಣಿನ ಪರೀಕ್ಷೆ ಮಾಡಿಸಿ. ಪವರ್ ಬದಲಾಗಿರಬಹುದು, ಕಣ್ಣು ಒಣಗುತ್ತಿರಬಹುದು, ಪೊರೆ ಶುರುವಾಗಿರಬಹುದು. ದೀಪದ ಸುತ್ತ ಕಾಮನಬಿಲ್ಲಿನ ಉಂಗುರದ ಜೊತೆ ಕಣ್ಣು ನೋವು, ಕೆಂಪು, ತಲೆನೋವು, ವಾಕರಿಕೆ ಒಮ್ಮೆಲೇ ಬಂದರೆ ಒಂದು ಗಂಟೆಯೂ ಕಾಯಬೇಡಿ. ಕಣ್ಣಿನ ಒಳಗಿನ ಒತ್ತಡ ಏರಿದಾಗ ಹೀಗಾಗುತ್ತದೆ, ತಡ ಮಾಡಿದರೆ ದೃಷ್ಟಿಯೇ ಹೋಗಬಹುದು.

ಪರದೆ ಮುಂದೆ

ಕಂಪ್ಯೂಟರಿನದು ಬೇಗ ಮುಗಿಯುತ್ತದೆ. ಕಂಡ ಹೊಳಪು ಕನ್ನಡಕದ್ದೋ ಪರದೆಯದ್ದೋ ಅಂತ ಮೊದಲು ನೋಡಿ. ಕನ್ನಡಕ ತೆಗೆದಾಗಲೂ ಟ್ಯೂಬ್‌ಲೈಟ್ ಪರದೆಯ ಅದೇ ಜಾಗದಲ್ಲಿ ಮಸುಕಾಗಿ ಹೊಳೆಯುತ್ತಿದ್ದರೆ ಅದು ಪರದೆಯ ಗಾಜಿನ ಪ್ರತಿಫಲನ. ಅದಕ್ಕೆ ಕೋಟಿಂಗ್ ಏನೂ ಮಾಡಲಾರದು. ಪರದೆ ತಿರುಗಿಸಿ ಅಥವಾ ಲೈಟ್ ಸರಿಸಿ. ಕಣ್ಣ ಪಕ್ಕ ಅಂಗೈ ಹಿಡಿದಾಗ ಹೊಳಪು ಹೋದರೆ ಅದು ಲೆನ್ಸಿನ ಒಳಮೈಯದು, ಕೋಟಿಂಗಿನ ಕೆಲಸ. ಈ ಗಿರಾಕಿಯದು ಎರಡನೆಯದು, ಬಲಗಣ್ಣಿನಲ್ಲಿ ಮಾತ್ರ.

ಎಆರ್ ಇದ್ದರೆ ಪರದೆ ಮುಂದೆ ಸಿಗುವ ಲಾಭ ಇಷ್ಟೇ: ಹಿಂದಿನ ಕಿಟಕಿ, ದೀಪ, ಕೆಲವೊಮ್ಮೆ ನಿಮ್ಮದೇ ಕಣ್ಣಿನ ಬಿಂಬ ಅಕ್ಷರಗಳ ಮೇಲೆ ಬಂದು ಕೂರುವುದಿಲ್ಲ. ವಿಡಿಯೋ ಕಾಲಿನಲ್ಲಿ ಎದುರಿನವರಿಗೆ ನಿಮ್ಮ ಕಣ್ಣು ಕಾಣುತ್ತದೆ. ಕಣ್ಣಿನ ದಣಿವು ಬೇರೆ ವಿಷಯ, ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಬರುವುದೇ ಜಾಸ್ತಿ. ನೀಲಿ ಬೆಳಕು ತಡೆಯುವ ಲೆನ್ಸ್ ಹಾಕಿದರೆ ದಣಿವು ಹೋಗುತ್ತದೆ ಅಂತ ಅಂದುಕೊಂಡು ಬರುವವರಿಗೆ ನಾನು ನೇರವಾಗಿ ಹೇಳುತ್ತೇನೆ. ಕೊಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯಿಂದ 2023ರಲ್ಲಿ ಬಂದ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಮಾಮೂಲಿ ಲೆನ್ಸಿಗಿಂತ ಅದರಿಂದ ದಣಿವು ಕಡಿಮೆಯಾಗುವ ಸಂಭವ ಕಾಣುವುದಿಲ್ಲ ಎಂದಿದೆ.

ಹೊಸ ಲೆನ್ಸ್ ಹಾಕಿದ ಮೇಲೆ

ಎರಡೂ ಲೆನ್ಸ್ ಬದಲಿಸಿದೆವು. ಬಲಕ್ಕೆ ಎಆರ್ ಇರಲಿಲ್ಲ, ಎಡದ್ದು ಸೀಳಿತ್ತು. ಒಂದನ್ನೇ ಬದಲಿಸಿದ್ದರೂ ಬಿಂಬದ ಬಣ್ಣ ಒಂದೊಂದು ಕಣ್ಣಿಗೆ ಒಂದೊಂದು ಆಗುವ ಸಾಧ್ಯತೆ ಇತ್ತು. ಅದರಿಂದ ನೋಟಕ್ಕೆ ತೊಂದರೆ ಇಲ್ಲ, ಎದುರಿನವರಿಗೆ ಮಾತ್ರ ಕಾಣುತ್ತದೆ.

ಕೊಡುವಾಗ ನಾಲ್ಕು ಮಾತು ಹೇಳಿದೆ. ಒಣ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. ಬಾಯಿಂದ ಹಬೆ ಊದಿ ಒರೆಸಿದರೂ ಅಷ್ಟೇ, ಆ ತೇವ ಧೂಳನ್ನು ತೇಲಿಸಲು ಸಾಲದು. ಟಿಶ್ಯೂ ಪೇಪರ್ ಮರದ ನಾರು, ಮೆತ್ತಗಿದ್ದರೂ ಗೀರುತ್ತದೆ. ಕಿಟಕಿ ಗಾಜಿನ ಅಮೋನಿಯಾ ಕ್ಲೀನರ್, ಬ್ಲೀಚ್, ವಿನಿಗರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಇವು ಲೆನ್ಸಿನ ಹತ್ತಿರವೂ ಬರಬಾರದು. ಹೊರಗಡೆ ನೀರು ಸಿಗದಿದ್ದರೆ ಮೊದಲು ಧೂಳು ಊದಿ ತೆಗೆದು, ಕನ್ನಡಕಕ್ಕೆಂದೇ ಮಾಡಿದ ಸ್ಪ್ರೇ ಧಾರಾಳವಾಗಿ ಹಾಕಿ, ಆಮೇಲೆ ಒರೆಸಿ. ತೆಗೆದಿಟ್ಟಾಗ ಡಬ್ಬಿಯಲ್ಲಿ, ಕಾರಿನಲ್ಲಿ ಮಾತ್ರ ಬೇಡ.

ಎರಡು ವಾರಕ್ಕೆ ಮತ್ತೆ ಬಂದರು. ರಾತ್ರಿ ದೀಪ ಚೆನ್ನಾಗಿ ಕಾಣುತ್ತಿದೆ, ಆದರೆ ತೊಳೆದು ಒರೆಸಿದರೂ ಲೆನ್ಸಿನ ಮೇಲೆ ಕಾಮನಬಿಲ್ಲಿನಂಥ ಪಟ್ಟೆ ಉಳಿಯುತ್ತಿದೆ ಅಂದರು. ನೀರು ಹಾಕಿ ನೋಡಿದೆ, ಹನಿಗಳು ಗುಂಡಗೆ ಉರುಳಿದವು. ಟಾರ್ಚಿನಲ್ಲಿ ಬಿರುಕಿಲ್ಲ. ತೊಳೆದು ನಮ್ಮ ಬಟ್ಟೆಯಲ್ಲಿ ಒರೆಸಿದರೆ ಪಟ್ಟೆಯೂ ಇಲ್ಲ. ಅವರ ಮೈಕ್ರೋಫೈಬರ್ ಬಟ್ಟೆಯನ್ನು ತೆಗೆದುಕೊಂಡು ಅಂಗಡಿಯ ಕನ್ನಡಿಯ ಮೇಲೆ ಒಂದು ಸಲ ಎಳೆದೆ. ಅಗಲವಾದ ಮಸುಕು ಪಟ್ಟೆ ಬಿತ್ತು. ಉಳಿದ ಬಟ್ಟೆಗಳ ಜೊತೆ ಅದನ್ನೂ ಮೆಷಿನ್‌ಗೆ ಹಾಕಿ, ಬಟ್ಟೆ ಮೃದುವಾಗಲು ಕಂಡಿಷನರ್ ಬಳಸಿದ್ದರು. ಆ ಕಂಡಿಷನರ್ ನೂಲಿಗೆ ಎಣ್ಣೆಯಂಥ ಪೊರೆ ಹಚ್ಚುತ್ತದೆ, ಒರೆಸಿದಾಗ ಅದು ಲೆನ್ಸಿಗೆ ಇಳಿಯುತ್ತದೆ. ಬಟ್ಟೆಯನ್ನು ಪಾತ್ರೆ ಲಿಕ್ವಿಡ್ ಹಾಕಿ ಕೈಯಲ್ಲೇ ಎರಡು ಸಲ ತೊಳೆದು, ನೊರೆ ಪೂರ್ತಿ ಹೋಗುವ ತನಕ ಜಾಲಿಸಿ, ನೆರಳಲ್ಲಿ ಒಣಗಿಸಿ ಅಂದೆ. ಮುಂದಿನ ಸಲ ಬಂದಾಗ ಅದೇ ಕನ್ನಡಿಯ ಮೇಲೆ ಮತ್ತೆ ಎಳೆದು ನೋಡಿದೆವು. ಪಟ್ಟೆ ಬೀಳಲಿಲ್ಲ.